ಕೇರೆಹಾವು ಅಂದುಬಿಟ್ಟರೆ ವಿಮರ್ಶೆ ಆಯ್ತಾ?

ನಮ್ಮ ದುರ್ಗದ ಕಡೆ ಸಿನಿಮಾ ಮಾತು ಬಂದ್ರೆ ಈ ಕಥೆ ಯಾರಾದ್ರೂ ಹೇಳೇ ಹೇಳ್ತಾರೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ಮಾಡಿದಾಗ, ಕಾದಂಬರಿ ಬರೆದ ತ.ರಾ.ಸು. ಅವರಿಗೆ ಅದು ಹಿಡಿಸಲಿಲ್ಲ, ನಾಗರಹಾವನ್ನ ಕೇರೆಹಾವು ಮಾಡಿಬಿಟ್ರು ಅಂದ್ರಂತೆ. ಊರಲ್ಲಿ ಇದನ್ನ ಹೇಳಿದವರೆಲ್ಲ ನಗ್ತಾರೆ, ಕೇಳಿದವರೂ ನಗ್ತಾರೆ. ಆಮೇಲೆ ಎಲ್ಲರೂ ಆ ಸಿನಿಮಾನ ಹತ್ತನೇ ಸಲ ನೋಡ್ತಾರೆ.

ಮಾತು ಚೆನ್ನಾಗಿದೆ. ತಳುಕಿನವರ ಬಾಯಲ್ಲಿ ಬಂದ ಮಾತು ಅಂದ್ಮೇಲೆ ವಿಷ ಇರಲೇಬೇಕು. ಆದ್ರೆ ಅದನ್ನ ಸಿನಿಮಾ ವಿಮರ್ಶೆ ಅಂತ ಇಟ್ಟು ನೋಡಿದ್ರೆ ಎರಡು ಕಡೆಯೂ ಕೆಲಸಕ್ಕೆ ಬರಲ್ಲ. ಸಿನಿಮಾಕ್ಕೆ ಹೋಗ್ಲೋ ಬೇಡ್ವೋ ಅಂತ ನಿಂತಿರೋ ಮನುಷ್ಯನಿಗೆ ಅದರಿಂದ ಏನೂ ತಿಳಿಯಲ್ಲ. ಮಾಡಿದವರಿಗೂ ಎಲ್ಲಿ ತಪ್ಪಿದೆ ಅಂತ ಗೊತ್ತಾಗಲ್ಲ. ತ.ರಾ.ಸು. ಅಳೆದದ್ದು ತಮ್ಮ ಮನಸ್ಸಲ್ಲಿದ್ದ ರಾಮಾಚಾರಿಯನ್ನ. ಅವನನ್ನ ಹುಟ್ಟಿಸಿದವರು ಅವರು, ಹಾಗೆ ಅಳೆಯೋ ಹಕ್ಕು ಅವರಿಗಿದೆ. ಟಿಕೆಟ್ ತಗೊಳ್ಳೋನು ಕಾದಂಬರಿ ಓದಿರಬೇಕು ಅಂತೇನಿಲ್ಲವಲ್ಲ.

2018ರ ಜುಲೈನಲ್ಲಿ ಇದೇ ಸಿನಿಮಾ ಡಿಜಿಟಲ್ ಆಗಿ ಮತ್ತೆ ಥಿಯೇಟರಿಗೆ ಬಂತು. ಆಗ ಆಫೀಸಲ್ಲಿ ಪಕ್ಕದ ಸೀಟಿನ ಗೆಳೆಯ ಕೇಳಿದ: ‘ನಿಮ್ಮೂರಿನ ಪಿಕ್ಚರ್ ಅಲ್ವಾ ಗುರು, ಭಾನುವಾರ ಅಮ್ಮನ್ನೂ ಮಗಳನ್ನೂ ಕರ್ಕೊಂಡು ಹೋಗ್ಬಹುದಾ?’ ಮಗಳಿಗೆ ಒಂಬತ್ತು ವರ್ಷ. ವಿಮರ್ಶೆ ಬರೆಯೋರ ಮುಂದೆ ಯಾವಾಗಲೂ ನಿಂತಿರಬೇಕಾದ ಪ್ರಶ್ನೆ ಇದೇ. ಸಿನಿಮಾ ಒಳ್ಳೇದಾ ಅಂತ ಅವನು ಕೇಳಲಿಲ್ಲ, ನಮ್ಮ ಮೂವರಿಗೆ ಆಗುತ್ತಾ ಅಂತ ಕೇಳಿದ. ಮೂರೂವರೆ ಸ್ಟಾರ್ ಅಂದಿದ್ರೆ ಅವನಿಗೆ ಏನೂ ಉಪಯೋಗ ಆಗ್ತಿರಲಿಲ್ಲ. ಸ್ಟಾರಿನಲ್ಲಿ ಎರಡು ಬೇರೆ ಬೇರೆ ಉತ್ತರ ಕಲಸಿಹೋಗಿರುತ್ತೆ: ಮಾಡಿದವರು ಅಂದುಕೊಂಡದ್ದನ್ನ ಎಷ್ಟು ಸಾಧಿಸಿದ್ದಾರೆ ಅನ್ನೋದು ಒಂದು, ಅವರು ಅಂದುಕೊಂಡದ್ದು ನಿನಗೆ ಬೇಕಾ ಅನ್ನೋದು ಇನ್ನೊಂದು. ಮೊದಲನೆಯದು ಮಾಡಿದವರಿಗೆ ಸಲ್ಲಬೇಕಾದ ನ್ಯಾಯ, ಎರಡನೆಯದು ನೋಡೋನಿಗೆ ಸಲ್ಲಬೇಕಾದದ್ದು.

ಮೊದಲನೆಯದನ್ನೇ ನೋಡೋಣ. ‘ಸೆಕೆಂಡ್ ಹಾಫ್ ಎಳೆದಿದ್ದಾರೆ’ ಅನ್ನೋದು ನಮ್ಮ ವಿಮರ್ಶೆಗಳಲ್ಲಿ ಅತಿ ಹೆಚ್ಚು ಸವೆದ ವಾಕ್ಯ. ನಾಗರಹಾವು ಬಗ್ಗೆಯೂ ಹಾಗೆ ಬರೆಯಬಹುದು, ಸುಳ್ಳೂ ಅಲ್ಲ. ಆದ್ರೆ ಯಾಕೆ ಹಾಗನಿಸುತ್ತೆ ಅಂತ ಕೂತು ನೋಡಿದ್ರೆ ಕಾರಣ ಸಿಗುತ್ತೆ. ಈ ಚಿತ್ರ ತ.ರಾ.ಸು. ಅವರ ಒಂದು ಕಾದಂಬರಿಯಿಂದ ಆದದ್ದಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಮೂರನ್ನೂ ಸೇರಿಸಿ ಹೆಣೆದದ್ದು. ಅಲಮೇಲುವಿನ ಕಥೆ ಒಂದು ಘಟ್ಟಕ್ಕೆ ಬಂದು ನಿಲ್ಲುತ್ತೆ, ಆಮೇಲೆ ಮಾರ್ಗರೆಟ್ ಜೊತೆ ಇನ್ನೊಂದು ಪ್ರೇಮಕಥೆ ಸೊನ್ನೆಯಿಂದ ಶುರುವಾಗುತ್ತೆ. ನೋಡೋನು ಅಷ್ಟೊತ್ತಿಗೆ ಒಂದು ದುಃಖ ಉಂಡು ಕೂತಿರ್ತಾನೆ, ಅವನಿಗೆ ಮತ್ತೆ ಮೊದಲಿನಿಂದ ಪರಿಚಯ, ಜಗಳ, ಸಲುಗೆ. ಬೇಜಾರು ಹುಟ್ಟೋದು ಆ ಬೆಸುಗೆಯಲ್ಲಿ. ಎರಡನ್ನೂ ಹಿಡಿದಿಡೋದು ಚಾಮಯ್ಯ ಮೇಷ್ಟ್ರ ಪಾತ್ರ ಒಂದೇ. ಅಶ್ವತ್ಥ್ ತೆರೆಯ ಮೇಲಿದ್ದಾಗ ಬೆಸುಗೆ ಕಾಣಲ್ಲ, ಅವರು ಇಲ್ಲದ ಕಡೆ ಕಾಣುತ್ತೆ.

ಇಷ್ಟು ಬರೆದ್ರೆ ನಿರ್ದೇಶಕರಿಗೆ ನಮ್ಮ ದೂರು ಯಾವ ಜಾಗದ್ದು ಅಂತ ತಿಳಿಯುತ್ತೆ. ಓದೋನಿಗೂ ‘ಓ, ಎರಡು ಕಥೆ ಇದ್ರೆ ನನಗೇನೂ ತೊಂದರೆ ಇಲ್ಲ’ ಅಂತ ತಾನೇ ತೀರ್ಮಾನ ಮಾಡೋಕೆ ಸಾಧ್ಯ ಆಗುತ್ತೆ. ನಮ್ಮ ಕೆಲಸದಲ್ಲಿ ಬಗ್ ಹಾಕೋವಾಗ ‘ಆ್ಯಪ್ ಸರಿ ಇಲ್ಲ’ ಅಂತ ಬರೆದು ಬಿಟ್ರೆ ಡೆವಲಪರ್ ಅದನ್ನ ವಾಪಸ್ ಕಳಿಸ್ತಾನೆ. ಯಾವ ಸ್ಕ್ರೀನು, ಏನು ಒತ್ತಿದೆ, ಏನಾಗಬೇಕಿತ್ತು, ಏನಾಯ್ತು ಅಂತ ಬೇಕು. ಸಿನಿಮಾದವರು ವಾಪಸ್ ಕಳಿಸೋಕಾಗಲ್ಲ, ಅಷ್ಟೇ ವ್ಯತ್ಯಾಸ.

ಯಾರ ತಪ್ಪು, ಯಾರ ಹೆಚ್ಚುಗಾರಿಕೆ ಅಂತ ಹಂಚೋದರಲ್ಲಿ ಇನ್ನೂ ಹುಷಾರಾಗಿರಬೇಕು. ಕಥೆಯೇ ಹೀರೋ ಅಂತ ಬರೆಯೋದು ಸುಲಭ. ಆದ್ರೆ ಪುಟ್ಟಣ್ಣನವರೇ 1974ರಲ್ಲಿ ಇದೇ ಕಥೆಯನ್ನ ರಿಷಿ ಕಪೂರ್ ಹಾಕಿಕೊಂಡು ‘ಜಹ್ರೀಲಾ ಇನ್ಸಾನ್’ ಅಂತ ಹಿಂದಿಯಲ್ಲಿ ಮಾಡಿದ್ರು. ಅದಕ್ಕೂ ನಮ್ಮ ಕೋಟೆಗೇ ಬಂದಿದ್ರು. ಅದೇ ಕಥೆ, ಅದೇ ನಿರ್ದೇಶಕ, ಅದೇ ಬಂಡೆ. ಓಡಲಿಲ್ಲ. ಅಂದ್ಮೇಲೆ ಕನ್ನಡದಲ್ಲಿ ಗೆದ್ದದ್ದು ಕಥೆಯಿಂದಲೇ ಅಂತಾಗಲಿ, ನಿರ್ದೇಶಕರಿಂದಲೇ ಅಂತಾಗಲಿ ಹೇಗೆ ಬರೆಯೋದು? ಹೊಸಬ ವಿಷ್ಣುವರ್ಧನ್ ಅವರ ಸಿಡುಕು, ಅಶ್ವತ್ಥ್ ಅವರ ಶಾಂತ, ವಿಜಯಭಾಸ್ಕರ್ ಅವರ ಸಂಗೀತ, ಎಲ್ಲ ಕೂಡಿದ್ದು ಅದು. ತೆರೆಯ ಮೇಲೆ ಕಾಣೋದು ಕೂಡಿದ ಫಲ ಮಾತ್ರ. ಒಂದು ದೃಶ್ಯ ಉದ್ದ ಆಯ್ತು ಅಂತ ನೋಡಿ ಹೇಳಬಹುದು. ಅದು ಸಂಕಲನಕಾರರ ತಪ್ಪೋ, ಚಿತ್ರಕಥೆಯದ್ದೋ, ನಿರ್ಮಾಪಕರು ಇರಲಿ ಬಿಡಿ ಅಂದದ್ದೋ ಅಂತ ಸೀಟಿನಲ್ಲಿ ಕೂತೋನಿಗೆ ಗೊತ್ತಾಗಲ್ಲ. ಗೊತ್ತಿಲ್ಲದ ಕಡೆ ಹೆಸರು ಬಿಟ್ಟು ದೃಶ್ಯದ ಬಗ್ಗೆ ಬರೆದ್ರೆ ಸಾಕು.

ಓಬವ್ವನ ಹಾಡನ್ನ ತಗೊಳ್ಳಿ. ಜಯಂತಿ ಒನಕೆ ಹಿಡಿದು ನಿಲ್ಲೋ ಆ ಭಾಗ ರಾಮಾಚಾರಿಯ ಕಥೆಯನ್ನ ಒಂದು ಇಂಚೂ ಮುಂದೆ ತಳ್ಳಲ್ಲ. ಇವತ್ತಿನ ವಿಮರ್ಶಕ ಅದನ್ನ ‘ಅನಗತ್ಯ’ ಅಂತ ಹೊಡೆದುಹಾಕಬಹುದು. ನಮ್ಮ ಹೊಳಲ್ಕೆರೆ ಕಡೆ ಹಳ್ಳಿಯಲ್ಲಿ ಸಿನಿಮಾ ಹೆಸರೇ ಮರೆತ ಅಜ್ಜಿಯರಿಗೂ ಆ ಹಾಡು ನೆನಪಿರುತ್ತೆ. ನಾನು ಬರೆಯೋದಾದ್ರೆ ಇಬ್ಬರ ಮಾತನ್ನೂ ಇಡ್ತೀನಿ: ಕಥೆ ಇಲ್ಲಿ ನಿಲ್ಲುತ್ತೆ, ಆದ್ರೆ ಕೋಟೆ ಬರೀ ಹಿನ್ನೆಲೆ ಆಗಿದ್ದದ್ದು ಹೋಗಿ ಮೈದುಂಬಿ ನಿಲ್ಲೋದೂ ಇಲ್ಲೇ.

ಈಗ ಗೆಳೆಯನ ಒಂಬತ್ತು ವರ್ಷದ ಮಗಳ ವಿಷಯ. ಇಲ್ಲಿ ತೊಡಕು ಏನಂದ್ರೆ, ಎಚ್ಚರಿಕೆ ಕೊಡಬೇಕು, ಕಥೆ ಬಿಟ್ಟುಕೊಡಬಾರದು. ಐವತ್ತು ವರ್ಷ ದಾಟಿದ ಸಿನಿಮಾ, ಕೊನೆ ಎಲ್ಲರಿಗೂ ಗೊತ್ತು ಅಂತ ಬರೆದುಬಿಡ್ತಾರೆ. ಆ ಮಗುವಿಗೆ ಗೊತ್ತಿಲ್ಲ, ಅವರಪ್ಪನಿಗೂ ಗೊತ್ತಿರಲಿಲ್ಲ. ನಾನು ಇಟ್ಟುಕೊಂಡ ಗೆರೆ ಇದು: ಮೊದಲ ಮೂರನೇ ಒಂದು ಭಾಗದ ಒಳಗೆ ನಡೆಯೋದನ್ನ ಘಟನೆಯಾಗಿ ಹೇಳ್ತೀನಿ, ಆಮೇಲಿನದನ್ನ ಭಾರವಾಗಿ ಮಾತ್ರ ಹೇಳ್ತೀನಿ. ಕಾಪಿ ಹೊಡೆದು ಸಿಕ್ಕಿಬಿದ್ದ ರಾಮಾಚಾರಿ ರಾತ್ರಿ ಪ್ರಿನ್ಸಿಪಾಲರ ಬಟ್ಟೆ ಬಿಚ್ಚಿ ಕಂಬಕ್ಕೆ ಕಟ್ಟಿಹಾಕೋದನ್ನ ಹೇಳಬಹುದು, ಅದು ಶುರುವಿನಲ್ಲೇ ಬರುತ್ತೆ, ಹುಡುಗ ಎಂಥವನು ಅಂತಾನೂ ತಿಳಿಯುತ್ತೆ. ಜಲೀಲ ಅಲಮೇಲುವನ್ನ ಪೀಡಿಸೋದನ್ನೂ ಹೇಳಬಹುದು. ಎರಡನೇ ಭಾಗದ ಬಗ್ಗೆ ‘ಹೆಣ್ಣೊಬ್ಬಳ ಬಾಳು ಹಾಳಾಗೋದನ್ನ ಮುಚ್ಚುಮರೆ ಇಲ್ಲದೆ ತೋರಿಸಿದ್ದಾರೆ, ಕೊನೆಯಲ್ಲಿ ಸಾವಿನ ನೆರಳಿದೆ’ ಅಂದ್ರೆ ಸಾಕು. ಯಾರು, ಹೇಗೆ, ಎಲ್ಲಿ ಅನ್ನೋದು ಬೇಡ.

ಹಳೇ ಸಿನಿಮಾ ಮತ್ತೆ ಬಂದಾಗ ಇನ್ನೊಂದು ಕೆಲಸ ಸೇರಿಕೊಳ್ಳುತ್ತೆ. 1972ರ ಚಿತ್ರ ಬೇರೆ, 2018ರ ಪ್ರತಿ ಬೇರೆ. ಈ ಸಲ ಸಿನಿಮಾಸ್ಕೋಪ್, 7.1 ಸೌಂಡ್ ಅಂತ ಬಂತು. ಚೌಕಕ್ಕೆ ಹತ್ತಿರ ಇರೋ ಹಳೇ ಚೌಕಟ್ಟನ್ನ ಅಗಲದ ಪರದೆಗೆ ತುಂಬಿಸಬೇಕಂದ್ರೆ ಮೇಲೆ-ಕೆಳಗೆ ಕತ್ತರಿಸಬೇಕು, ಇಲ್ಲ ಅಡ್ಡಕ್ಕೆ ಎಳೀಬೇಕು. ಹಾಗಾಗಿ ಮರುಬಿಡುಗಡೆ ಬಗ್ಗೆ ಬರೆಯೋನು ಆರಂಭದ ಹತ್ತು ನಿಮಿಷ ಕಥೆ ಬಿಟ್ಟು ಚೌಕಟ್ಟನ್ನೇ ನೋಡಬೇಕು: ನಿಂತವರ ತಲೆ ಮೇಲೆ ಜಾಗ ಇದೆಯಾ, ಮುಖ ಅಗಲ ಆಗಿದೆಯಾ, ಬಂಡೆಯ ತುದಿ ಕಾಣುತ್ತಾ. ಅದರಲ್ಲಿ ಕೊರತೆ ಇದ್ರೆ ಆ ದೂರು ಪುಟ್ಟಣ್ಣನವರಿಗಾಗಲೀ ಛಾಯಾಗ್ರಾಹಕ ಚಿಟ್ಟಿಬಾಬು ಅವರಿಗಾಗಲೀ ಹೋಗಬಾರದು.

ಕಾಲದ ಮಾತೂ ಇದೆ. ರಾಮಾಚಾರಿ ಮಾರ್ಗರೆಟ್ ಹಿಂದೆ ಬೀಳೋ ರೀತಿ ಇವತ್ತು ನೋಡಿದ್ರೆ ಇರಿಸುಮುರಿಸಾಗುತ್ತೆ. ‘ಆಗಿನ ಕಾಲ ಹಾಗಿತ್ತು’ ಅಂತ ಮುಚ್ಚಿದ್ರೆ ಇವತ್ತಿನ ಪ್ರೇಕ್ಷಕಿಗೆ ಮೋಸ. ಅದೊಂದನ್ನೇ ಹಿಡಿದು ಇಡೀ ಚಿತ್ರವನ್ನ ಎಸೆದ್ರೆ, ಜಾತಿ-ಧರ್ಮದ ಗೋಡೆ ಹುಡುಗಿಯರ ಬಾಳನ್ನ ಹೇಗೆ ತಿನ್ನುತ್ತೆ ಅಂತ ತೋರಿಸೋಕೆ ಹೊರಟ ಮಾಡಿದವರಿಗೆ ಅನ್ಯಾಯ. ಎರಡೂ ವಾಕ್ಯ ಬರೆಯೋಕೆ ಜಾಗ ಇದ್ದೇ ಇರುತ್ತೆ.

ಕೇರಳ ಹೈಕೋರ್ಟ್ ಮುಂದೆ 2023ರಲ್ಲಿ ರಿವ್ಯೂ ಕೇಸ್ ಬಂದು, ಬಿಡುಗಡೆಯಾಗಿ 48 ಗಂಟೆ ವಿಮರ್ಶೆ ಬೇಡ ಅಂತ ಕೋರ್ಟಿಗೆ ನೆರವಾಗೋಕೆ ನೇಮಕವಾದ ವಕೀಲರು ಸಲಹೆ ಕೊಟ್ಟಿದ್ರು. ನನಗೆ ಅದು ಒಪ್ಪಿಗೆ ಇಲ್ಲ. ಮೊದಲ ಶೋಗೆ ಹೋಗೋನೂ ದುಡ್ಡು ಕೊಟ್ಟೇ ಹೋಗೋದು. ಇಂಟರ್ವೆಲ್‌ನಲ್ಲೇ ತೀರ್ಪು ಟೈಪ್ ಮಾಡೋ ಚಾಳಿ 48 ಗಂಟೆ ಆದ್ಮೇಲೂ ಹೋಗಲ್ಲ.

ಗೆಳೆಯನಿಗೆ ನಾನು ಕಳಿಸಿದ್ದು ಹೆಚ್ಚುಕಮ್ಮಿ ಹೀಗಿತ್ತು:

‘ಚಿತ್ರದುರ್ಗದ ಮುಂಗೋಪಿ ಹುಡುಗ ರಾಮಾಚಾರಿ. ಊರು ಅವನನ್ನ ಪುಂಡ ಅನ್ನುತ್ತೆ, ಅವನು ತಲೆ ಬಗ್ಗಿಸೋದು ಚಾಮಯ್ಯ ಮೇಷ್ಟ್ರಿಗೆ ಮಾತ್ರ. ಮೇಷ್ಟ್ರ ಮಾತು ಅವನನ್ನ ಕಾಯುತ್ತಾ ಕಟ್ಟಿಹಾಕುತ್ತಾ ಅನ್ನೋದೇ ಸಿನಿಮಾ. ಅವರಿಬ್ಬರ ದೃಶ್ಯಗಳು ಇವತ್ತಿಗೂ ಒಂದಿಷ್ಟೂ ಮಾಸಿಲ್ಲ. ನಟನೆ ಎತ್ತರದ ದನಿಯದ್ದು, ಅಳು ಜಾಸ್ತಿ; ಅದು ನಿನಗೆ ಆಗಲ್ಲ ಅಂದ್ರೆ ಕಷ್ಟ. ನಡುವೆ ಎರಡನೇ ಪ್ರೇಮಕಥೆ ಶುರುವಾದಾಗ ಅರ್ಧ ಗಂಟೆ ತಾಳ್ಮೆ ಬೇಕು. ಸುಮಾರು ಮೂರು ಗಂಟೆ ಇದೆ. ಕೋಟೆ ನೋಡೋಕೆ ದೊಡ್ಡ ಪರದೆಯೇ ಸರಿ. ಕೊನೆ ಭಾರ, ಸಾವಿದೆ, ಹೆಂಗಸರ ಮೇಲಿನ ಕ್ರೌರ್ಯ ಇದೆ. ಅಮ್ಮನಿಗೆ ಖಂಡಿತ. ಮಗಳಿಗೆ ಇನ್ನೂ ನಾಲ್ಕೈದು ವರ್ಷ ಬಿಡು.’

ಅವನು ಅಮ್ಮನ್ನ ಮಾತ್ರ ಕರ್ಕೊಂಡು ಹೋದ. ಸೋಮವಾರ ಬಂದು, ಎರಡನೇ ಪ್ರೇಮಕಥೆಯೇ ನನಗೆ ಜಾಸ್ತಿ ಇಷ್ಟ ಆಯ್ತು, ನಿನಗ್ಯಾಕೆ ಅಲ್ಲಿ ಬೇಜಾರಾಯ್ತು ಅಂತ ಊಟದ ಹೊತ್ತಿನವರೆಗೂ ಜಗಳ ಆಡಿದ.