ರಜೆ ದಾಟಿ ನಿಲ್ಲುವ ದಿನಾಂಕ

2024ರ ಅಕ್ಟೋಬರ್ 25, ಶುಕ್ರವಾರ. ಅಂದು ಬಂದ ಅರ್ಜಿಗೆ ಏಳು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು ಎಂದುಕೊಳ್ಳಿ. ನಡುವೆ ದೀಪಾವಳಿ: 31 ನರಕ ಚತುರ್ದಶಿ, ನವೆಂಬರ್ 1 ರಾಜ್ಯೋತ್ಸವ, 2 ಬಲಿಪಾಡ್ಯಮಿ. ಅರ್ಜಿಯ ದಿನಾಂಕ A2ರಲ್ಲಿ, ಮೂರು ರಜೆಗಳು E ಕಾಲಮ್ಮಿನಲ್ಲಿದ್ದರೆ ಇಷ್ಟು ಸಾಕು:

```
=WORKDAY(A2,7,$E$2:$E$4)
```

ಉತ್ತರ ನವೆಂಬರ್ 7, ಗುರುವಾರ. 45603 ಎಂದು ಕಂಡರೆ ಗಾಬರಿ ಬೇಡ; ಸೆಲ್ಲಿಗೆ ದಿನಾಂಕದ ಫಾರ್ಮ್ಯಾಟ್ ಕೊಡಿ.

ನನಗೆ ಬಹಳ ಹಿಡಿಸುವುದು ಇದರ ಎಣಿಕೆಯ ಶಿಸ್ತು. ಅರ್ಜಿ ಬಂದ ದಿನವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಲಿಪಾಡ್ಯಮಿ ಶನಿವಾರವೇ ಬಿದ್ದಿತ್ತಲ್ಲ, ಅದನ್ನು ಎರಡು ಸಲ ಕಳೆಯುವುದೂ ಇಲ್ಲ. ಬೆರಳೆಣಿಕೆಯಲ್ಲಿ ಎಡವುವುದು ಸಾಮಾನ್ಯವಾಗಿ ಇಲ್ಲೇ.

ನಮ್ಮ ಸರ್ಕಾರಿ ಕಚೇರಿಗಳಿಗೆ ಎರಡನೇ, ನಾಲ್ಕನೇ ಶನಿವಾರ ಮಾತ್ರ ರಜೆ. ಅದಕ್ಕೆ ಇದರ ಅಣ್ಣನಂಥ ಇನ್ನೊಂದು ಫಂಕ್ಷನ್ ಇದೆ:

```
=WORKDAY.INTL(A2,7,11,$E$2:$E$30)
```

11 ಎಂದರೆ ಭಾನುವಾರವಷ್ಟೇ ವಾರದ ರಜೆ. ಆ ಎರಡು ಶನಿವಾರಗಳನ್ನು ಹಬ್ಬಗಳ ಜೊತೆ ಪಟ್ಟಿಗೇ ಸೇರಿಸಬೇಕು.

ಡಾಲರ್ ಚಿಹ್ನೆ ಬಿಟ್ಟರೆ ತಪ್ಪು ಸದ್ದಿಲ್ಲದೆ ನುಸುಳುತ್ತದೆ. ಸೂತ್ರವನ್ನು ಕೆಳಗೆ ಎಳೆದಂತೆ ರಜೆಪಟ್ಟಿಯೂ ಕೆಳಗೆ ಜಾರಿ, ಮೇಲಿನ ರಜೆಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಎರರ್ ಮಾತ್ರ ಬರುವುದಿಲ್ಲ. ಆದ್ದರಿಂದ ಕೊನೆಯ ಸಾಲಿನ ಸೂತ್ರವನ್ನು ತೆರೆದು, ಪಟ್ಟಿ E2ರಿಂದಲೇ ಶುರುವಾಗಿದೆಯೇ ಎಂದು ನೋಡಿ. ಹೊಸ ವರ್ಷದ ರಜೆಗಳನ್ನು ಡಿಸೆಂಬರಿನಲ್ಲೇ ತುಂಬಿಡಿ.