ತಾಳೆ ನೋಡದ ಫಾರ್ಮುಲಾ

ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ 2012ರ ನಿಯಮಗಳು ಬಂದ ಮೇಲೆ ಕೆರೂರ, ಬಾದಾಮಿ, ಇಳಕಲ್ಲಿನಂಥ ಊರುಗಳಲ್ಲಿ ಸಂಜೆಯ ಎಕ್ಸೆಲ್ ತರಗತಿಗೆ ಒಂದು ಮರ್ಯಾದೆ ಬಂದಿದೆ. ಪರೀಕ್ಷೆಗೆ ಕೂರುವವರು ಮಾತ್ರವಲ್ಲ, ಪತ್ತಿನ ಸಂಘದ ಕಾರಕೂನರು, ಅಡತ ಅಂಗಡಿಯ ಲೆಕ್ಕ ಬರೆಯುವವರು, ಶಾಲೆಯ ಗುಮಾಸ್ತರು ಕೂಡ ಕೆಲಸ ಮುಗಿಸಿಕೊಂಡು ಇಂಥ ತರಗತಿಗೆ ಬರುತ್ತಾರೆ. ಕೆಲವು ವಾರಗಳಲ್ಲಿ ಸಮ್, ಆವರೇಜ್, ಇಫ್, ವಿಲುಕಪ್, ಕೊನೆಗೆ ಬಣ್ಣದ ಪೈ ಚಾರ್ಟು. ಇಷ್ಟಾದರೆ 'ಎಕ್ಸೆಲ್ ಬರ್ತದ' ಎಂಬ ಮಾತು ಹುಟ್ಟುತ್ತದೆ. ಆ ಮಾತಿಗೆ ಇಂದು ಸಿಗುತ್ತಿರುವ ಬೆಲೆ ಅದರ ಯೋಗ್ಯತೆಗಿಂತ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಕಲಿಸುವವರ ಶ್ರದ್ಧೆಯ ಬಗ್ಗೆ ನನಗೆ ತಕರಾರಿಲ್ಲ, ಕಲಿಯುವವರ ಬುದ್ಧಿಯ ಬಗ್ಗೆಯಂತೂ ಇಲ್ಲವೇ ಇಲ್ಲ. ತಕರಾರು ಇರುವುದು ಪಾಠದ ಕ್ರಮದ ಮೇಲೆ: ಉತ್ತರ ಬರಿಸುವುದನ್ನು ಅದು ಕಲಿಸುತ್ತದೆ, ಬಂದ ಉತ್ತರವನ್ನು ತಾಳೆ ನೋಡುವುದನ್ನು ಕಲಿಸುವುದಿಲ್ಲ.

ಈ ದೋಷ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ವಿಲುಕಪ್ ಪಾಠದಲ್ಲಿ. ವಾಡಿಕೆಯ ಉದಾಹರಣೆ ಹತ್ತು ವಿದ್ಯಾರ್ಥಿಗಳ ಅಂಕಪಟ್ಟಿ. ರೋಲ್ ನಂಬರ್ ಒಂದರಿಂದ ಹತ್ತರವರೆಗೆ ಸಾಲಾಗಿ ಇರುತ್ತದೆ, ಒಂದೂ ಬಿಟ್ಟುಹೋಗಿರುವುದಿಲ್ಲ. ಅಲ್ಲಿ ಫಾರ್ಮುಲಾದ ನಾಲ್ಕನೆಯ ಅಂಶ ಬರೆದರೂ ಬಿಟ್ಟರೂ ಸರಿಯುತ್ತರವೇ ಬರುತ್ತದೆ. ಈಗ ಅದನ್ನೇ ಪತ್ತಿನ ಸಂಘದ ಕೆಲಸಕ್ಕೆ ತನ್ನಿ. ವಸೂಲಿ ಪಟ್ಟಿಯಲ್ಲಿ 104, 107, 109, 112 ಎಂಬ ಸದಸ್ಯರಿದ್ದಾರೆ ಎನ್ನೋಣ. ಸಾಲದ ಬಾಕಿ ಇನ್ನೊಂದು ಹಾಳೆಯಲ್ಲಿದೆ. 109ನೆಯವರು ಪೂರ್ತಿ ಕಟ್ಟಿ ಮುಗಿಸಿದ್ದರಿಂದ ಅವರ ಹೆಸರು ಬಾಕಿ ಹಾಳೆಯಲ್ಲಿಲ್ಲ. ಕಾರಕೂನರು ಬರೆಯುತ್ತಾರೆ:

```
=VLOOKUP(A2,Sheet2!A:C,3)
```

ಎಳೆದು ಕೆಳಗಿನ ಸಾಲುಗಳಿಗೂ ತುಂಬುತ್ತಾರೆ. 109ರ ಎದುರು 48,000 ರೂಪಾಯಿ ಬಾಕಿ ಬಂದು ಕೂರುತ್ತದೆ. ಅದು 107ನೆಯವರ ಬಾಕಿ. ನಾಲ್ಕನೆಯ ಅಂಶ ಬಿಟ್ಟರೆ ಎಕ್ಸೆಲ್ ಅದನ್ನು TRUE ಎಂದೇ ಹಿಡಿಯುತ್ತದೆ. ಕೇಳಿದ ಸಂಖ್ಯೆ ಸಿಗದಿದ್ದರೆ ಅದಕ್ಕಿಂತ ಚಿಕ್ಕದಾದವುಗಳಲ್ಲಿ ಅತಿ ದೊಡ್ಡದರ ಎದುರಿನ ಬೆಲೆ ಕೊಡುತ್ತದೆ. ಅದೂ ಬಾಕಿ ಹಾಳೆ ಸದಸ್ಯ ಸಂಖ್ಯೆಯ ಏರಿಕೆಯ ಕ್ರಮದಲ್ಲಿದ್ದರೆ ಮಾತ್ರ. ಊರಿನ ಪ್ರಕಾರವೋ ದಿನಾಂಕದ ಪ್ರಕಾರವೋ ಜೋಡಿಸಿದ್ದರೆ, ಹಾಳೆಯಲ್ಲಿ ಇರುವವರ ಬಾಕಿಯೂ ಅದಲುಬದಲಾಗಬಹುದು. ಕೆಂಪು ಗುರುತಿಲ್ಲ, ಎಚ್ಚರಿಕೆಯಿಲ್ಲ. ಸಾಲ ತೀರಿಸಿದವರ ಮನೆಗೆ ನೋಟಿಸು ಹೋದಾಗಲೇ ತಪ್ಪು ಗೊತ್ತಾಗುವುದು.

ಕೊನೆಯಲ್ಲಿ FALSE ಸೇರಿಸಿದರೆ 109ರ ಎದುರು #N/A ಬರುತ್ತದೆ. ಆ ಸಾಲಿಗೆ ಅದೇ ಸರಿಯುತ್ತರ: 'ಈ ಸಂಖ್ಯೆ ನನಗೆ ಸಿಗಲಿಲ್ಲ.' ಆದರೆ ತರಗತಿಯಲ್ಲಿ #N/A ಎಂದರೆ ಸೋಲು. ಅದು ಕಂಡ ಕೂಡಲೇ ಶಿಕ್ಷಕರು IFERROR ಹೇಳಿಕೊಡುತ್ತಾರೆ, ಕೊನೆಗೆ ಸೊನ್ನೆ ಹಾಕಿಸುತ್ತಾರೆ, ಹಾಳೆ ಚೊಕ್ಕಟವಾಗುತ್ತದೆ. ಅಲ್ಲಿಗೆ ಎರಡು ಬೇರೆ ಸಂಗತಿಗಳು ಒಂದೇ ಸೊನ್ನೆಯಲ್ಲಿ ಕರಗಿಹೋದವು: ಸಾಲ ತೀರಿಸಿದವರು ಮತ್ತು ಸಂಖ್ಯೆ ಹೊಂದದೆ ಸಿಗದೇ ಹೋದವರು. ಎರಡನೆಯವರು ಅಪರೂಪವಲ್ಲ. ಸಂಘದ ಸಾಫ್ಟ್‌ವೇರಿನಿಂದ ತೆಗೆದ ಹಾಳೆಯಲ್ಲಿ 112 ಎಂಬುದು ಎಷ್ಟೋ ಸಲ ಅಂಕಿಯಾಗಿ ಬರದೆ ಅಕ್ಷರವಾಗಿ ಬಂದಿರುತ್ತದೆ. ಕೋಶದ ಎಡಕ್ಕೆ ಅಂಟಿಕೊಂಡಿರುತ್ತದೆ, ಮೂಲೆಯಲ್ಲಿ ಚಿಕ್ಕ ಹಸಿರು ತ್ರಿಕೋನ ಕಾಣುತ್ತದೆ. ಕಣ್ಣಿಗೆ 112, ಎಕ್ಸೆಲ್‌ಗೆ ಬೇರೆ ಸರಕು. ಅಂಥ ಬಾಕಿದಾರರೂ ಸೊನ್ನೆಯ ಮರೆಯಲ್ಲಿ ಸಾಲದಿಂದ ಪಾರಾಗುತ್ತಾರೆ. ಹೆಸರಿನ ಮೇಲೆ ಹುಡುಕಿದರೆ ಇನ್ನೂ ಕಷ್ಟ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದ ಹೆಸರು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಾಗಿ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಬರೆದ ಅದೇ ಹೆಸರಿನೊಡನೆ ಅದು ಎಂದಿಗೂ ಹೊಂದುವುದಿಲ್ಲ. ಕನ್ನಡದ ಕಚೇರಿಗಳಿಗೆ ದಿನನಿತ್ಯದ್ದಾದ ಈ ತೊಡಕು ಅಂಕಪಟ್ಟಿಯ ಪಾಠದಲ್ಲಿ ಎದುರಾಗುವುದೇ ಇಲ್ಲ.

ನನಗೆ ನಿಜವಾಗಿ ನೋವಾಗುವುದು ಇನ್ನೊಂದು ಕಾರಣಕ್ಕೆ. ಇದಕ್ಕೆ ಬೇಕಾದ ವಿದ್ಯೆ ಆ ಕುರ್ಚಿಗಳಲ್ಲಿ ಕೂತವರಿಗೆ ಮೊದಲೇ ಬರುತ್ತದೆ. ಕಿರ್ದಿಯಿಂದ ಖತಾವಣಿಗೆ ಏರಿಸಿದವರು ಎರಡೂ ಕಡೆಯ ಮೊತ್ತ ಹೊಂದದೆ ಪುಸ್ತಕ ಮುಚ್ಚುವುದಿಲ್ಲ. ಮೇಲಿನ ಪಟ್ಟಿಯನ್ನೇ ನೋಡಿ: ಬಾಕಿಯ ಕಾಲಮಿನ ಕೆಳಗೆ ಒಟ್ಟು ಹಾಕಿ ಖತಾವಣಿಯ ಸಾಲದ ಬಾಕಿಯೊಡನೆ ಹೋಲಿಸಿದರೆ ವ್ಯತ್ಯಾಸ ಸರಿಯಾಗಿ 48,000 ಬರುತ್ತದೆ, ಆ ಮೊತ್ತ ಹಾಳೆಯಲ್ಲಿ ಎರಡು ಸಲ ಇರುವುದು ಎದ್ದು ಕಾಣುತ್ತದೆ. ಇಷ್ಟು ಮಾಡಲು ಹೊಸ ಫಾರ್ಮುಲಾ ಬೇಕಿಲ್ಲ. ತಾಳೆ ನೋಡದೆ ದೊಡ್ಡವರೂ ಎಡವಿದ್ದಾರೆ. ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ದೇಶಗಳ ಸಾಲ ಮತ್ತು ಬೆಳವಣಿಗೆಯ ಬಗ್ಗೆ 2010ರಲ್ಲಿ ಬರೆದ ಹೆಸರಾಂತ ಪ್ರಬಂಧದಲ್ಲಿ ಸರಾಸರಿಯ ಫಾರ್ಮುಲಾ 49ನೆಯ ಸಾಲಿನವರೆಗೆ ಹೋಗುವ ಬದಲು 44ಕ್ಕೇ ನಿಂತಿತ್ತು. ಐದು ದೇಶಗಳು ಲೆಕ್ಕದಿಂದ ಹೊರಗುಳಿದವು. 2013ರಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿ ಹಾಳೆ ತೆರೆದು ನೋಡುವವರೆಗೆ ಯಾರಿಗೂ ತಿಳಿದಿರಲಿಲ್ಲ. ನಮ್ಮ ಕಾರಕೂನರ ತಾಳೆಯ ಅಭ್ಯಾಸ ಇಂಥ ತಪ್ಪಿಗೇ ಮದ್ದು. ತರಗತಿ ಆ ಅಭ್ಯಾಸವನ್ನು ಬಾಗಿಲಾಚೆ ಬಿಡಿಸಿ, ಅವರನ್ನು ಹೈಸ್ಕೂಲ್ ಮಕ್ಕಳ ಸಾಲಿನಲ್ಲಿ ಕೂರಿಸುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ದಣಿದು ಬಂದವರಿಗೆ ಸಿಗುವುದೇ ಒಂದೆರಡು ಗಂಟೆ, ಅಷ್ಟರಲ್ಲಿ ಎಲ್ಲವನ್ನೂ ಮುಟ್ಟಿಸಬೇಡವೇ ಎನ್ನುತ್ತಾರೆ. ಸಮಯ ಕಡಿಮೆ ಎಂಬುದು ನಿಜ. ಅದಕ್ಕೇ ಇಪ್ಪತ್ತು ಫಂಕ್ಷನ್‌ಗಳ ಹೆಸರು ಬಿಟ್ಟು ನಾಲ್ಕನ್ನು ತಾಳೆಯ ಸಮೇತ ಕಲಿಸಿ ಎನ್ನುತ್ತೇನೆ. ಹೊಸ ತಂತ್ರಾಂಶದ ಪರ ವಾದಿಸುವವರು XLOOKUP ಬಂದಿದೆಯಲ್ಲ, ಅದು ತಾನಾಗಿಯೇ ನಿಖರ ಹೊಂದಿಕೆ ನೋಡುತ್ತದಲ್ಲ ಎನ್ನುತ್ತಾರೆ. ನಿಜ, ಆದರೆ 2016, 2019ರ ಆವೃತ್ತಿಗಳಲ್ಲಿ ಅದಿಲ್ಲ, ಮತ್ತು ಅಕ್ಷರವಾಗಿ ಕೂತ 112 ಅದಕ್ಕೂ ಸಿಗುವುದಿಲ್ಲ. ಇನ್ನು ಕೆಲವರ ವಾದ ಹೆಚ್ಚು ಬಿರುಸಿನದು: ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲೇ ಒಪ್ಪಿಗೆ ಕೊಟ್ಟಿದೆ, ಸಾಫ್ಟ್‌ವೇರ್ ಎಲ್ಲ ಮಾಡುವಾಗ ಎಕ್ಸೆಲ್ ಯಾಕೆ ಎಂಬುದು. ಇವರು ಕಚೇರಿಯ ಮೇಜನ್ನು ಹತ್ತಿರದಿಂದ ನೋಡಿಲ್ಲ. ಆಡಳಿತ ಮಂಡಳಿ ಕೇಳುವ ಪಟ್ಟಿ ಸಾಫ್ಟ್‌ವೇರಿನ ವರದಿಯಲ್ಲಿ ಸಿಗುವಂತೆಯೇ ಇರುವುದು ಕಡಿಮೆ. ಎರಡು ವರದಿ ತೆಗೆದು ಎಕ್ಸೆಲ್‌ನಲ್ಲಿ ಜೋಡಿಸುವ ಹೊತ್ತಿಗೇ ಮೇಲಿನ ಗೊಂದಲ ಹುಟ್ಟುವುದು. ಗಣಕೀಕರಣ ಹೆಚ್ಚಿದಷ್ಟೂ ಹೊರಗೆ ತೆಗೆದ ಹಾಳೆಗಳು ಹೆಚ್ಚುತ್ತವೆ.

ಚಾರ್ಟಿನ ಪಾಠ ಇದೇ ದಾರಿಯದು, ಬೇಗ ಹೇಳಿ ಮುಗಿಸಬಹುದು. ಊರುವಾರು ಪಟ್ಟಿಯನ್ನು ಪೂರ್ತಿ ಬಳಿದು ಪೈ ಚಾರ್ಟ್ ಒತ್ತಿಸುತ್ತಾರೆ. ಒಟ್ಟು ಮೊತ್ತದ ಸಾಲೂ ಒಳಗೆ ಸೇರಿ ಸರಿಯಾಗಿ ಅರ್ಧ ವೃತ್ತವನ್ನು ನುಂಗುತ್ತದೆ. ಉಳಿದ ಊರುಗಳೆಲ್ಲ ಇನ್ನರ್ಧದಲ್ಲಿ ಮುದುರಿಕೊಳ್ಳುತ್ತವೆ. ಅರ್ಧ ಕಂಡರೆ ಅನುಮಾನಿಸಿ ಎಂದು ಹೇಳಿಕೊಡಲು ಒಂದು ನಿಮಿಷ ಸಾಕು. ಕಂಬದ ಚಾರ್ಟಿನಲ್ಲಿ ವಸೂಲಿ ಶೇಕಡಾ 92, 93, 95 ಎಂದಿದ್ದರೆ ಎಕ್ಸೆಲ್ ತಾನಾಗಿಯೇ ಅಕ್ಷವನ್ನು ಸೊನ್ನೆ ಬಿಟ್ಟು 90ರ ಆಸುಪಾಸಿನಲ್ಲಿ ಶುರುಮಾಡಬಹುದು. ಆಗ ಮೂರೇ ಅಂಶದ ಏರಿಕೆ ಎರಡು ಪಟ್ಟಿಗೂ ಮೀರಿದ ಸಾಧನೆಯಂತೆ ಕಾಣುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ. ಅಕ್ಷದ ಕನಿಷ್ಠವನ್ನು 0 ಮಾಡಿಸಿ ಅದೇ ಚಾರ್ಟನ್ನು ಪಕ್ಕದಲ್ಲಿಡಿಸುವ ಶಿಕ್ಷಕರು ಬಣ್ಣ, ನೆರಳು, ಮೂರು ಆಯಾಮಗಳ ಪಾಠಕ್ಕಿಂತ ಹೆಚ್ಚಿನದನ್ನು ಕೊಟ್ಟಂತೆ.

ಪರೀಕ್ಷೆಯಲ್ಲಿ ಇದೆಲ್ಲ ಕೇಳುವುದಿಲ್ಲವಲ್ಲ ಎಂಬುದು ಕೊನೆಯ ಆಕ್ಷೇಪ, ಅತಿ ಪ್ರಾಮಾಣಿಕವಾದದ್ದೂ ಹೌದು. ಪರೀಕ್ಷೆಗೆಂದೇ ಬಂದವರಿಗೆ ಫಂಕ್ಷನ್‌ಗಳ ಹೆಸರನ್ನು ಮೊದಲ ವಾರದಲ್ಲೇ ಹೇಳಿಕೊಟ್ಟುಬಿಡಲಿ. ಉಳಿದ ಸಂಜೆಗಳಲ್ಲಿ ಅಂಕಪಟ್ಟಿ ಅಳಿಸಿ, ಹೆಸರು ಬದಲಿಸಿದ ಒಂದು ನಿಜವಾದ ಬಾಕಿ ಪಟ್ಟಿಯನ್ನು ಮುಂದಿಡಲಿ. ಅದರಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿರಲಿ, ಒಂದು ಅಕ್ಷರವಾಗಿ ಕೂತಿರಲಿ, ಖತಾವಣಿಯ ಒಟ್ಟು ಮೊತ್ತವನ್ನು ಬೇರೆ ಚೀಟಿಯಲ್ಲಿ ಬರೆದುಕೊಡಲಿ. ವ್ಯತ್ಯಾಸ ಯಾವ ಸಾಲಿನಿಂದ ಬಂತು ಎಂದು ಹುಡುಕಿ ತೋರಿಸಿದವರಿಗೆ ಆಮೇಲೆ ಪ್ರಮಾಣಪತ್ರ ಕೊಡಲಿ.