ಕನ್ಯೆಯ ಶುಕ್ರನಿಗೆ ಎರಡು ಬಲ

ಮೇಷ ಲಗ್ನದ ಜಾತಕ. ಕನ್ಯಾ ರಾಶಿಯಲ್ಲಿ ಶುಕ್ರ ಕೂತಿದ್ದಾನೆ. ಸಪ್ತಮಾಧಿಪತಿಯೂ ಅವನೇ, ಕಳತ್ರಕಾರಕನೂ ಅವನೇ. ಅಂಥವನು ಆರನೇ ಮನೆಯಲ್ಲಿ ನೀಚನಾಗಿದ್ದಾನೆ. ಹುಡುಗಿಯ ಮನೆಯವರು ಇಷ್ಟು ಕೇಳಿಯೇ ಜಾತಕ ಮಡಚಿಡುತ್ತಾರೆ. ದಯವಿಟ್ಟು ಮಡಚಬೇಡಿ, ಪಕ್ಕದಲ್ಲೇ ಬರೆದಿರುವ ಅಂಶ ಕುಂಡಲಿಯನ್ನೂ ನೋಡಿ.

ಮೂವತ್ತು ಡಿಗ್ರಿಯ ರಾಶಿಯನ್ನು ಒಂಬತ್ತು ಪಾಲು ಮಾಡಿದರೆ ಒಂದೊಂದು ಪಾಲು 3 ಡಿಗ್ರಿ 20 ಕಲೆ. ನಕ್ಷತ್ರದ ಒಂದು ಪಾದವೂ ಅಷ್ಟೇ. ಎಣಿಕೆ ಚರರಾಶಿಗೆ ಅದರಿಂದಲೇ, ಸ್ಥಿರರಾಶಿಗೆ ಅದರ ಒಂಬತ್ತನೆಯದರಿಂದ, ದ್ವಿಸ್ವಭಾವಕ್ಕೆ ಐದನೆಯದರಿಂದ ಶುರುವಾಗುತ್ತದೆ. ಕನ್ಯೆ ದ್ವಿಸ್ವಭಾವ, ಹಾಗಾಗಿ ಅದರ ಮೊದಲ ಪಾಲು ಮಕರ, ಎರಡನೆಯದು ಕುಂಭ, ಮೂರನೆಯದು ಮೀನ.

ನಮ್ಮ ಶುಕ್ರ ಕನ್ಯೆಯ 8ನೇ ಡಿಗ್ರಿಯಲ್ಲಿ, ಅಂದರೆ ಉತ್ತರಾ ನಕ್ಷತ್ರದ ನಾಲ್ಕನೇ ಪಾದದಲ್ಲಿದ್ದಾನೆ ಎನ್ನಿ. ಅದು ಮೂರನೇ ಪಾಲು. ನವಾಂಶದಲ್ಲಿ ಅವನು ಮೀನಕ್ಕೆ, ತನ್ನ ಉಚ್ಚಕ್ಕೆ ಹೋದ. ಇಂಥ ಶುಕ್ರನ ದಾಂಪತ್ಯಫಲ ತಡವಾಗಿ, ತಗಾದೆ ಕಳೆದು ಬರುತ್ತದೆ, ಆದರೆ ಬಂದದ್ದು ನಿಲ್ಲುತ್ತದೆ ಎಂದು ಓದುವುದು ವಾಡಿಕೆ. ನೀಚತ್ವ ಅಳಿಸಿಹೋಗಿಲ್ಲ. ಹೊರಗಿನ ಸನ್ನಿವೇಶವನ್ನು ಹೇಳುವ ರಾಶಿ ಕುಂಡಲಿಯಲ್ಲಿ ಅದು ಹಾಗೇ ಇದೆ. ಅದನ್ನು ತಾಳಿಕೊಳ್ಳುವ ಕಸುವು ಒಳಗಿದೆಯೇ ಎಂಬುದನ್ನು ನವಾಂಶ ತಿಳಿಸುತ್ತದೆ.

ಅದೇ ಶುಕ್ರ 27ನೇ ಡಿಗ್ರಿಯಲ್ಲಿ, ಚಿತ್ತಾ ಎರಡನೇ ಪಾದದಲ್ಲಿದ್ದರೆ? ಒಂಬತ್ತನೇ ಪಾಲು ಮತ್ತೆ ಕನ್ಯೆಯೇ. ಎರಡೂ ಕುಂಡಲಿಯಲ್ಲಿ ಒಂದೇ ರಾಶಿಯಾದ್ದರಿಂದ ಇದು ವರ್ಗೋತ್ತಮ. ಹೊಸಬರು ಆ ಪದ ಕೇಳಿ ಹಿಗ್ಗುತ್ತಾರೆ, ಆದರೆ ಇಲ್ಲಿ ಗಟ್ಟಿಯಾದದ್ದು ನೀಚತ್ವ. ಶುಕ್ರನ ಪರಮನೀಚವೂ ಈ 27ನೇ ಡಿಗ್ರಿಯೇ. ತಿರುಗಿಸಿಯೂ ನೋಡಿ: ಮೀನದ 8ನೇ ಡಿಗ್ರಿಯ ಶುಕ್ರ ರಾಶಿಯಲ್ಲಿ ಉಚ್ಚ, ನವಾಂಶದಲ್ಲಿ ಕನ್ಯೆಗೆ ಬಂದು ನೀಚ. ಅದ್ದೂರಿ ಮದುವೆ, ಬಡವಾದ ಸಂಸಾರ ಎಂಬ ಓದು ಹುಟ್ಟುವುದು ಇಂಥಲ್ಲಿ.

ಇನ್ನು ನವಾಂಶ ಲಗ್ನ. ನಮ್ಮ ಜಾತಕದ ಲಗ್ನ ಮೇಷದ 25ನೇ ಡಿಗ್ರಿ ಎಂದುಕೊಂಡರೆ ನವಾಂಶ ಲಗ್ನ ವೃಶ್ಚಿಕ. ಅದರ ಏಳನೇ ಮನೆ ವೃಷಭ, ಅಲ್ಲಿಗೂ ಶುಕ್ರನೇ ಒಡೆಯ, ಐದನೆಯಲ್ಲಿ ಉಚ್ಚ. ಮದುವೆಯ ಮಾತಿಗೆ ಎರಡನೇ ಸಾಕ್ಷಿ ಸಿಕ್ಕಿತು. ಆದರೆ ಜನನ ಕಾಲು ಗಂಟೆ ಮುಂಚೆ ಆಗಿದ್ದರೆ ನವಾಂಶ ಲಗ್ನ ತುಲೆಯಾಗಿ, ಏಳನೆಯ ಒಡೆತನ ಕುಜನಿಗೆ ಹೋಗಿ, ಶುಕ್ರ ಆರಕ್ಕೆ ಬೀಳುತ್ತಾನೆ. ಶುಕ್ರನ ಉಚ್ಚತ್ವ ಮಾತ್ರ ಕದಲುವುದಿಲ್ಲ. ನವಾಂಶ ಲಗ್ನ ಸರಾಸರಿ 13 ನಿಮಿಷಕ್ಕೊಮ್ಮೆ ಬದಲಾಗುವುದರಿಂದ, 'ಬೆಳಗಿನ ಆರರ ಹೊತ್ತಿಗೆ' ಎಂದಷ್ಟೇ ಬರೆದಿರುವ ಜಾತಕದಲ್ಲಿ ನಾನು ಗ್ರಹಗಳ ಅಂಶಬಲ ನೋಡುತ್ತೇನೆ, ನವಾಂಶದ ಮನೆಗಳನ್ನು ಎಣಿಸುವುದಿಲ್ಲ.

ಗ್ರಹ ಪಾಲಿನ ಅಂಚಿನಲ್ಲಿದ್ದರೆ ಅಯನಾಂಶವನ್ನೂ ಕೇಳಿ. ಬೆಂಗಳೂರಿನ ಬಿ.ವಿ. ರಾಮನ್ ಬಳಸಿದ ಅಯನಾಂಶಕ್ಕೂ ಲಾಹಿರಿಯದಕ್ಕೂ ಸುಮಾರು ಒಂದೂವರೆ ಡಿಗ್ರಿ ಅಂತರ. ಲಾಹಿರಿಯಂತೆ ಕನ್ಯೆಯ 9ರಲ್ಲಿರುವ ಶುಕ್ರ ರಾಮನ್ ಲೆಕ್ಕದಲ್ಲಿ 10 ದಾಟಿ ಮೇಷಾಂಶಕ್ಕೆ ಹೋಗುತ್ತಾನೆ, ಉಚ್ಚ ತಪ್ಪುತ್ತದೆ. 8ರಲ್ಲಿದ್ದವನು ಎರಡೂ ಲೆಕ್ಕದಲ್ಲಿ ಮೀನದಲ್ಲೇ ಉಳಿಯುತ್ತಾನೆ.